ಆರು ಅಕ್ಷರಗಳ ನೂರಕ್ಕೆ ನೂರು ಹೋಲಿಕೆ: ಕೊರೋನಾ ಸ್ಪೈಕ್ ಮತ್ತು ಎಚ್‌ಐವಿ ಪ್ರಕರಣದ ಅಧ್ಯಯನ

2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು ಬಯೋಆರ್ಕೈವ್ ತಾಣದಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿತು. ಇಂಥ ತಾಣದಲ್ಲಿ ಬರುವ ಪ್ರಬಂಧಗಳು ವಿಷಯತಜ್ಞರ ಪರಿಶೀಲನೆಗೆ ಇನ್ನೂ ಒಳಪಟ್ಟಿರುವುದಿಲ್ಲ. ಆಗಷ್ಟೇ ಹರಡತೊಡಗಿದ್ದ ಹೊಸ ಕೊರೋನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನಲ್ಲಿ ನಾಲ್ಕು ಸೇರ್ಪಡೆಗಳಿವೆ, ಅವು 2003ರ ಸಾರ್ಸ್ ವೈರಸ್ಸಿನ ಸ್ಪೈಕಿನಲ್ಲಿ ಇಲ್ಲ, ಮತ್ತು ಆ ನಾಲ್ಕೂ ತುಣುಕುಗಳು ಎಚ್‌ಐವಿ-1 ವೈರಸ್ಸಿನ ಹೊರಮೈಯ gp120 ಮತ್ತು ಒಳಭಾಗದ Gag ಪ್ರೋಟೀನುಗಳ ಭಾಗಗಳನ್ನು ಹೋಲುತ್ತವೆ ಎಂಬುದು ಅದರ ತಿರುಳಾಗಿತ್ತು. ಇಂಥ ಹೋಲಿಕೆ ಆಕಸ್ಮಿಕವಾಗಿರಲಾರದು ಎಂಬ ಧ್ವನಿಯೂ ಅದರಲ್ಲಿತ್ತು. ಟೀಕೆಗಳು ಬಂದ ಮೇಲೆ ಎರಡೇ ದಿನಗಳಲ್ಲಿ, ಫೆಬ್ರವರಿ 2ರಂದು, ಲೇಖಕರೇ ಪ್ರಬಂಧವನ್ನು ಹಿಂತೆಗೆದುಕೊಂಡರು. ಅದರ ವಾದವನ್ನು ವಿವರವಾಗಿ ಅಲ್ಲಗಳೆಯುವ ಲೇಖನ ಅದೇ ತಿಂಗಳು ಬೇರೊಂದು ಪತ್ರಿಕೆಯಲ್ಲಿ ಬಂದಿತು.

ಈ ಪ್ರಕರಣವನ್ನು ಆರಿಸಿಕೊಂಡದ್ದು ಯಾರನ್ನೂ ಹಳಿಯುವುದಕ್ಕಲ್ಲ. ಒಂದು ಅನುಕ್ರಮವನ್ನು ಹೋಲುವಂಥವನ್ನು ದೊಡ್ಡ ಸಂಗ್ರಹಗಳಲ್ಲಿ ಹುಡುಕುವ ತಂತ್ರಾಂಶವಾದ ಬ್ಲಾಸ್ಟ್‌ನ ಫಲಿತಾಂಶವನ್ನು ಓದುವಾಗ ಆಗಬಹುದಾದ ಮುಖ್ಯ ತಪ್ಪುಗಳೆಲ್ಲ ಇದೊಂದರಲ್ಲಿಯೇ ಸ್ಪಷ್ಟವಾಗಿ ಕಾಣುತ್ತವೆ. ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನೂ ಒಂದೊಂದು ಅಕ್ಷರವಾಗಿ ಬರೆದ ಈ ಅನುಕ್ರಮಗಳು ಎಲ್ಲರಿಗೂ ಸಿಗುವಂಥವು, ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು, ಮತ್ತು ಸರಿಯಾದ ಉತ್ತರವೂ ಗೊತ್ತಿದೆ.

ಮೊದಲು ಪದದ ವಿಚಾರ. ಎರಡು ಜೀನುಗಳು ಹೋಮೋಲಾಗಸ್ ಎಂದರೆ ಅವೆರಡೂ ಒಂದೇ ಪೂರ್ವಜ ಜೀನಿನಿಂದ ಇಳಿದು ಬಂದವು ಎಂದರ್ಥ. ಇದು ಅವುಗಳ ಇತಿಹಾಸದ ಬಗ್ಗೆ ಮಾಡುವ ಪ್ರತಿಪಾದನೆಯಾದ್ದರಿಂದ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಿಗೆ ಎಡೆಯಿದೆ. "ಶೇಕಡಾ 60ರಷ್ಟು ಹೋಮಾಲಜಿ" ಎಂದು ಬರೆಯುವುದು "ಶೇಕಡಾ 60ರಷ್ಟು ಅಣ್ಣತಮ್ಮಂದಿರು" ಎಂದು ಬರೆದ ಹಾಗೆ. ಶೇಕಡಾವಾರು ಲೆಕ್ಕ ಸಲ್ಲುವುದು ತದ್ರೂಪತೆಗೆ, ಅಂದರೆ ಜೋಡಿಸಿಟ್ಟ ಎರಡು ಅನುಕ್ರಮಗಳಲ್ಲಿ ಎಷ್ಟು ಸ್ಥಾನಗಳಲ್ಲಿ ಅದೇ ಅಕ್ಷರವಿದೆ ಎಂಬ ಎಣಿಕೆಗೆ. ಬ್ಲಾಸ್ಟ್ ಪರದೆಯ `Per. Ident` ಕಂಬಸಾಲಿನಲ್ಲಿ ಇರುವುದು ಈ ಎಣಿಕೆ. ಅದು ಕಣ್ಣಿಗೆ ಕಾಣುವ ಸಂಗತಿ. ಹೋಮಾಲಜಿಯನ್ನು ಅಂಥ ಸಂಗತಿಗಳಿಂದ ನಾವು ಊಹಿಸಿ ತೀರ್ಮಾನಿಸಬೇಕು, ಮತ್ತು ಆ ತೀರ್ಮಾನಕ್ಕೆ ಆಧಾರ ಎಷ್ಟು ಗಟ್ಟಿ ಎಂಬುದೇ ಇಲ್ಲಿಯ ಪ್ರಶ್ನೆ.

ದೆಹಲಿ ತಂಡದ ಮೊದಲ ತುಣುಕು TNGTKR, ಎರಡನೆಯದು HKNNKS. ಎರಡೂ ಆರಾರು ಅಮೈನೋ ಆಮ್ಲಗಳ ತುಣುಕುಗಳು, ಮತ್ತು ಇವೆರಡೂ gp120ಯ ಯಾವುದೋ ಮಾದರಿಯೊಂದಿಗೆ ನೂರಕ್ಕೆ ನೂರು ಹೊಂದಿದವು. ಕೊನೆಯದಾದ QTNSPRRA ಎಂಟು ಅಕ್ಷರಗಳದು. ಅದು Gag ಪ್ರೋಟೀನಿನೊಂದಿಗೆ ಹೊಂದಿದ್ದು ಸತತವಾಗಿ ಅಲ್ಲ. ನಾಲ್ಕು ಅಕ್ಷರ ಹೊಂದಿ, ನಡುವೆ ಹತ್ತಕ್ಕೂ ಹೆಚ್ಚು ಅಕ್ಷರಗಳ ತೆರಪು ಬಿಟ್ಟು, ಮತ್ತೆ ನಾಲ್ಕು ಅಕ್ಷರ ಹೊಂದುತ್ತವೆ. ಮೂರನೆಯದರಲ್ಲಿಯೂ ತೆರಪಿತ್ತು. ಮೊದಲೆರಡು ತುಣುಕುಗಳ ನೂರರ ಅಂಕಿಯೇ ಓದುಗರನ್ನು ಬೆಚ್ಚಿಬೀಳಿಸಿತು ಎಂದು ನನಗೆ ತೋರುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಅಮೈನೋ ಆಮ್ಲಗಳು 20. ಅವೆಲ್ಲವೂ ಸಮ ಪ್ರಮಾಣದಲ್ಲಿವೆ ಎಂದು ಸರಳವಾಗಿ ಹಿಡಿದರೆ ಆರು ಅಕ್ಷರಗಳ ಪದಗಳು ಒಟ್ಟು 20ರ ಆರನೆಯ ಘಾತ, ಅಂದರೆ 6.4 ಕೋಟಿ. ತಜ್ಞರು ಕೈಯಾರೆ ಪರಿಶೀಲಿಸಿದ ಪ್ರೋಟೀನುಗಳ ಸಂಗ್ರಹವಾದ ಸ್ವಿಸ್-ಪ್ರಾಟ್‌ನಲ್ಲಿ 2020ರ ಆರಂಭದಲ್ಲಿ ಸುಮಾರು 5.6 ಲಕ್ಷ ಅನುಕ್ರಮಗಳೂ ಅವುಗಳಲ್ಲಿ ಒಟ್ಟು 20 ಕೋಟಿಯಷ್ಟು ಅಮೈನೋ ಆಮ್ಲಗಳೂ ಇದ್ದವು. ಹಾಗಾದರೆ ನಿಮಗೆ ತೋಚಿದ ಯಾವುದೇ ಆರು ಅಕ್ಷರಗಳ ಪದವೊಂದು ಆ ಸಂಗ್ರಹದಲ್ಲಿ, ಯಾವ ಸಂಬಂಧವೂ ಇಲ್ಲದೆ, ಬರಿಯ ಆಕಸ್ಮಿಕದಿಂದ ಸರಾಸರಿ ಮೂರು ಕಡೆ ಸಿಗಬೇಕು. ಬ್ಲಾಸ್ಟ್‌ನಲ್ಲಿ ಸಾಮಾನ್ಯವಾಗಿ ಬಳಸುವ `nr` ಸಂಗ್ರಹ ಸ್ವಿಸ್-ಪ್ರಾಟ್‌ಗಿಂತ ನೂರಾರು ಪಟ್ಟು ದೊಡ್ಡದು. ಅಲ್ಲಿ ಅದೇ ಪದ ನೂರಾರು ಕಡೆ ಸಿಕ್ಕರೂ ಆಶ್ಚರ್ಯವಿಲ್ಲ. ಹೀಗಿರುವಾಗ TNGTKR ಎಲ್ಲಿಯೋ ಇದೆ ಎಂಬ ಸುದ್ದಿಯಲ್ಲಿ ವಿಶೇಷವೇನೂ ಇಲ್ಲ, ಎಲ್ಲಿಯೂ ಇಲ್ಲದೆ ಹೋಗಿದ್ದರೆ ಅದೇ ವಿಶೇಷವಾಗುತ್ತಿತ್ತು. ಅಲ್ಲಗಳೆದ ಲೇಖನವೂ ಇದನ್ನೇ ತೋರಿಸಿತು: ಈ ತುಣುಕುಗಳನ್ನು ಹುಡುಕಿದರೆ ಎಚ್‌ಐವಿಯೊಂದೇ ಅಲ್ಲ, ಇತರ ಹಲವು ವೈರಸ್ಸುಗಳೂ ಜೀವಿಗಳೂ ಫಲಿತಾಂಶದಲ್ಲಿ ಬರುತ್ತವೆ.

ಇ-ವ್ಯಾಲ್ಯೂ ಎಂಬುದು ಇದೇ ಎಣಿಕೆಯ ಹೆಚ್ಚು ಶಿಸ್ತಿನ ರೂಪ. ಇಷ್ಟು ಗಾತ್ರದ ಸಂಗ್ರಹದಲ್ಲಿ, ಇಷ್ಟು ಉದ್ದದ ಅನುಕ್ರಮವನ್ನು ಹುಡುಕಿದಾಗ, ಇಷ್ಟು ಅಥವಾ ಇದಕ್ಕೂ ಹೆಚ್ಚು ಅಂಕ ಗಳಿಸುವ ಜೋಡಣೆಗಳು ಕೇವಲ ಆಕಸ್ಮಿಕದಿಂದ ಎಷ್ಟು ಸಿಗಬಹುದು ಎಂಬ ನಿರೀಕ್ಷಿತ ಸಂಖ್ಯೆಯೇ ಇ-ವ್ಯಾಲ್ಯೂ. ಅದು ಸಂಭಾವ್ಯತೆಯಲ್ಲ. ಆದ್ದರಿಂದ ಒಂದನ್ನು ದಾಟಬಹುದು, ಸಾವಿರವನ್ನೂ ದಾಟಬಹುದು. ಲೆಕ್ಕದ ಎರಡು ಸಾಲುಗಳು ಇವು:

```
S' = (λ·S − ln K) / ln 2
E  = m · n · 2^(−S')
```

S ಎಂಬುದು ಜೋಡಣೆಯ ಮೂಲ ಅಂಕ, S' ಎಂಬುದು ಬಿಟ್ ಅಂಕ, m ನಮ್ಮ ಅನುಕ್ರಮದ ಉದ್ದ, n ಸಂಗ್ರಹದ ಒಟ್ಟು ಉದ್ದ. λ ಮತ್ತು K ಎಂಬವು, ಯಾವ ಅಕ್ಷರ ಯಾವುದರೊಡನೆ ಜೋಡಿಯಾದರೆ ಎಷ್ಟು ಅಂಕ ಎಂದು ಹೇಳುವ ಅಂಕಪಟ್ಟಿಗೆ ತಕ್ಕಂತೆ ಬದಲಾಗುವ ಸ್ಥಿರಾಂಕಗಳು. ಪ್ರೋಟೀನು ಹುಡುಕಾಟದಲ್ಲಿ ರೂಢಿಯಾಗಿರುವ BLOSUM62 ಅಂಕಪಟ್ಟಿಗೆ, ತೆರಪು ತೆರೆಯಲು 11 ಮತ್ತು ತೆರಪಿನ ಪ್ರತಿ ಅಕ್ಷರಕ್ಕೆ 1 ದಂಡ ಎಂದಿರುವಾಗ, ಅವು 0.267 ಮತ್ತು 0.041.

TNGTKR ತನ್ನನ್ನೇ ಹೋಲುವ ತುಣುಕಿನೊಡನೆ ಜೋಡಿಸಿದಾಗ T, T, K, R ಪ್ರತಿಯೊಂದಕ್ಕೂ 5, N ಮತ್ತು G ಒಂದೊಂದಕ್ಕೂ 6 ಅಂಕ, ಒಟ್ಟು 32. ಇದನ್ನು ಮೇಲಿನ ಸೂತ್ರದಲ್ಲಿಟ್ಟರೆ ಬಿಟ್ ಅಂಕ ಸುಮಾರು 16.9 ಬರುತ್ತದೆ. ಎರಡರ 16.9ನೆಯ ಘಾತ ಸುಮಾರು 1.25 ಲಕ್ಷ. ಹುಡುಕುವ ಜಾಗದ ವಿಸ್ತಾರವಾದ m × n ಎಂಬುದು 6 × 20 ಕೋಟಿ, ಅಂದರೆ 120 ಕೋಟಿ. ಭಾಗಿಸಿದರೆ ಇ-ವ್ಯಾಲ್ಯೂ ಸುಮಾರು 9,600. ಹಿಂದಿನ ಸರಳ ಲೆಕ್ಕದಲ್ಲಿ ಮೂರು ಬಂದದ್ದು ಇಲ್ಲಿ ಸಾವಿರಗಳಾದದ್ದೇಕೆಂದರೆ, ಅಲ್ಲಿ ಅಕ್ಷರಶಃ ಅದೇ ಪದವನ್ನು ಮಾತ್ರ ಎಣಿಸಿದೆವು, ಈ ಸೂತ್ರವಾದರೋ ಉದ್ದದ ಅನುಕ್ರಮಗಳಿಗೆಂದು ಮಾಡಿದ್ದು, ಆರೇ ಅಕ್ಷರಗಳಲ್ಲಿ 32 ಅಂಕ ಗಳಿಸುವುದು ಅದೇ ಪದವೊಂದೇ ಎಂಬುದನ್ನು ಅರಿಯದೆ ಹೆಚ್ಚಾಗಿ ಎಣಿಸುತ್ತದೆ. ಇಷ್ಟು ಚಿಕ್ಕ ಅನುಕ್ರಮಕ್ಕೆ ಸೂತ್ರ ಒರಟಾದ ಅಂದಾಜನ್ನು ಮಾತ್ರ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಚಿಕ್ಕ ತುಣುಕುಗಳಿಗೆಂದೇ ಇರುವ PAM30 ಅಂಕಪಟ್ಟಿಯಲ್ಲಿ ಇದೇ ಲೆಕ್ಕ ಮಾಡಿದರೆ ನಾನೂರರ ಆಸುಪಾಸಿನ ಉತ್ತರ ಬರುತ್ತದೆ. ನಾನೂರಾದರೂ ಒಂಬತ್ತು ಸಾವಿರವಾದರೂ ತೀರ್ಪು ಒಂದೇ. ಪ್ರೋಟೀನುಗಳಲ್ಲಿ ಹೋಮಾಲಜಿಯ ಮಾತೆತ್ತಲು ಸಾಮಾನ್ಯವಾಗಿ ಒಪ್ಪುವ ಮಿತಿ 0.001, ಅಂದರೆ ಸಾವಿರ ಬಾರಿ ಹುಡುಕಿದರೆ ಒಮ್ಮೆ ಆಕಸ್ಮಿಕವಾಗಿ ಸಿಗುವಂಥದ್ದು. ಇಲ್ಲಿ ಒಂದೇ ಬಾರಿ ಹುಡುಕಿದರೂ ಸರಳ ಲೆಕ್ಕದ ಪ್ರಕಾರವೇ ಮೂರು ಸಿಗಬೇಕು.

ಈ ಎಚ್ಚರಿಕೆಯನ್ನು ತಂತ್ರಾಂಶವೇ ಕೊಡುತ್ತದೆ, ಆದರೆ ಅದು ಕಣ್ಣಿಗೆ ಬೀಳದ ಜಾಗದಲ್ಲಿದೆ. ಎನ್‌ಸಿಬಿಐ ತಾಣದಲ್ಲಿ ಆರು ಅಕ್ಷರಗಳ ಅನುಕ್ರಮ ಹಾಕಿದರೆ ಬ್ಲಾಸ್ಟ್ ತನ್ನ ನಿಯತಾಂಕಗಳನ್ನು ತಾನೇ ಬದಲಿಸಿಕೊಂಡು, ಅಂಕಪಟ್ಟಿಯನ್ನು PAM30 ಮಾಡಿ, ಇ-ವ್ಯಾಲ್ಯೂ ಮಿತಿಯನ್ನು 2,00,000ಕ್ಕೆ ಏರಿಸುತ್ತದೆ. ಹಾಗೆ ಏರಿಸದೆ ಹೋದರೆ ತೋರಿಸಲು ಒಂದು ಸಾಲೂ ಉಳಿಯುವುದಿಲ್ಲ. ನಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವುದಾದರೆ ಆ ಮಿತಿಯನ್ನು ಕೈಯಿಂದಲೇ ಬರೆಯಬೇಕಾಗುತ್ತದೆ:

```
blastp -task blastp-short -query tunuku1.fa -db swissprot \
  -evalue 200000 -outfmt "6 sacc pident length evalue bitscore"
```

ಈ ಆಜ್ಞೆಯನ್ನು ಒಮ್ಮೆ ಬರೆದವರು ಎರಡು ಲಕ್ಷ ಎಂಬ ಅಂಕಿಯ ಮುಂದೆ ನಿಂತು ಯೋಚಿಸದೆ ಇರಲಾರರು. ಲಸಿಕೆಯ ಎಪಿಟೋಪನ್ನೋ ಪೆಪ್ಟೈಡನ್ನೋ ಪತ್ತೆಹಚ್ಚುವವರಿಗೆ ಈ ಸೌಲಭ್ಯ ಬೇಕು, ಏಕೆಂದರೆ ಅವರು ಕೇಳುವುದು "ಈ ಪದ ಎಲ್ಲೆಲ್ಲಿದೆ" ಎಂದು ಮಾತ್ರ. "ಇವೆರಡರ ಮೂಲ ಒಂದೇ" ಎಂಬ ಉತ್ತರವನ್ನು ಈ ಪಟ್ಟಿಯಿಂದ ತೆಗೆಯಲು ಬರುವುದಿಲ್ಲ. ಪಟ್ಟಿಯ ಪ್ರತಿ ಸಾಲಿನಲ್ಲಿಯೂ `pident` ಕೆಳಗೆ 100.000 ಎಂದು ಇರಬಹುದು. ಪಕ್ಕದ `length` ಕೆಳಗೆ 6 ಎಂದೂ ಇರುತ್ತದೆ, ಮತ್ತು ಎರಡನ್ನೂ ಒಟ್ಟಿಗೆ ಓದದಿದ್ದರೆ ಮೊದಲನೆಯದಕ್ಕೆ ಅರ್ಥವೇ ಇಲ್ಲ.

1984ರಲ್ಲಿಯೇ ಕಾಬ್ಷ್ ಮತ್ತು ಸ್ಯಾಂಡರ್ ಇದಕ್ಕೆ ಹತ್ತಿರದ ಸಂಗತಿಯನ್ನು ಇನ್ನೊಂದು ದಾರಿಯಿಂದ ತೋರಿಸಿದ್ದರು. ಸಂಬಂಧವಿಲ್ಲದ ಪ್ರೋಟೀನುಗಳಲ್ಲಿ ಸಿಗುವ ಐದು ಅಕ್ಷರಗಳ ಒಂದೇ ಪದ ಒಂದರಲ್ಲಿ ಹೆಲಿಕ್ಸ್ ಎಂಬ ಸುರುಳಿಯಾಗಿಯೂ ಇನ್ನೊಂದರಲ್ಲಿ ಚಪ್ಪಟೆ ಎಳೆಯಾಗಿಯೂ ಮಡಚಿಕೊಂಡಿರಬಹುದು. ಅಷ್ಟು ಚಿಕ್ಕ ತುಣುಕಿಗೆ ತನ್ನದೇ ಆದ ರಚನೆಯೇ ಖಚಿತವಿಲ್ಲದಿರುವಾಗ, ವಂಶಾವಳಿಯನ್ನು ಅದರ ಮೇಲೆ ಹೊರಿಸುವುದು ಹೇಗೆ?

ತೆರಪಿನ ಜೋಡಣೆಯ ವಿಚಾರ ಇನ್ನೂ ಕುತೂಹಲಕರವಾಗಿದೆ. QTNSPRRA ತುಣುಕಿನ QTNS ಭಾಗಕ್ಕೆ BLOSUM62 ಪ್ರಕಾರ 20 ಅಂಕ, PRRA ಭಾಗಕ್ಕೆ 21 ಅಂಕ, ಒಟ್ಟು 41. ನಡುವಿನ ತೆರಪು ಹತ್ತೇ ಅಕ್ಷರಗಳದು ಎಂದು ಹಿಡಿದರೂ ದಂಡ 11 + 10, ಅಂದರೆ 21. ಉಳಿಯುವ ಅಂಕ 20. PRRA ಒಂದನ್ನೇ ಹಿಡಿದಿದ್ದರೆ ಸಿಗುತ್ತಿದ್ದ 21ಕ್ಕಿಂತಲೂ ಇದು ಕಡಿಮೆ. ಅತಿ ಹೆಚ್ಚು ಅಂಕದ ಭಾಗವನ್ನು ಮಾತ್ರ ಉಳಿಸಿಕೊಳ್ಳುವುದು ಬ್ಲಾಸ್ಟ್‌ನ ಸ್ವಭಾವವಾದ್ದರಿಂದ ರೂಢಿಯ ದಂಡಗಳಲ್ಲಿ ಅದು ಈ ಎರಡು ತುಣುಕುಗಳನ್ನು ಸೇರಿಸುವುದೇ ಇಲ್ಲ. ಅವನ್ನು ಸೇರಿಸಿದ್ದು ಓದುವವರ ಕಣ್ಣು. ತೆರಪನ್ನು ಲೆಕ್ಕಕ್ಕೆ ಹಿಡಿಯದೆ ಹೊಂದಿದ ಅಕ್ಷರಗಳನ್ನಷ್ಟೇ ಎಣಿಸಿದರೆ ಎಂಟಕ್ಕೆ ಎಂಟು ಎಂದು ಬರೆಯಬಹುದು, ಆದರೆ ಎಲ್ಲಿ ಬೇಕಾದಲ್ಲಿ ದಂಡವಿಲ್ಲದೆ ತೆರಪು ಬಿಡಬಹುದು ಎಂದಾದ ಮೇಲೆ ಸಾಕಷ್ಟು ಉದ್ದದ ಪ್ರೋಟೀನಿನಲ್ಲಿ ಯಾವ ಪದವನ್ನಾದರೂ ಹೆಕ್ಕಿ ತೆಗೆಯಬಹುದು. ಮೂರನೆಯ ತುಣುಕಿಗೆ ಬೇರೊಂದು ತೊಡಕೂ ಇತ್ತು. ಅದರ ಕೊನೆಯಲ್ಲಿ GDSSSG ಎಂಬ ಸೆರಿನ್‌ಗಳ ಸಾಲಿದೆ. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಇಂಥ ಸರಳ ಪ್ರದೇಶಗಳು ಸಂಬಂಧವಿಲ್ಲದ ಅನೇಕ ಪ್ರೋಟೀನುಗಳಲ್ಲಿ ಇರುತ್ತವೆ. ಅಕ್ಷರಗಳು ಯಾದೃಚ್ಛಿಕವಾಗಿ ಬಂದಿವೆ ಎಂಬ ಊಹೆಯ ಮೇಲೆ ನಿಂತ ಇ-ವ್ಯಾಲ್ಯೂ ಅಲ್ಲಿ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಂಡು ಮೋಸ ಮಾಡಬಹುದು. ಇವನ್ನು ಮರೆಮಾಡುವ ಸೋಸುಕ ಬ್ಲಾಸ್ಟ್‌ನಲ್ಲಿ ಇರುವುದು ಇದಕ್ಕಾಗಿಯೇ.

ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ. ಒಂದೊಂದೂ ಆಕಸ್ಮಿಕವಿರಬಹುದು, ಆದರೆ ನಾಲ್ಕೂ ಎಚ್‌ಐವಿಯಲ್ಲಿಯೇ ಏಕೆ ಸಿಗಬೇಕು? ಇದಕ್ಕೆ ಉತ್ತರ ಸಂಗ್ರಹದ ಒಳಗಿದೆ. ಅತಿ ಹೆಚ್ಚು ಬಾರಿ ಅನುಕ್ರಮ ಓದಲಾದ ವೈರಸ್ಸುಗಳಲ್ಲಿ ಎಚ್‌ಐವಿ-1 ಒಂದು, ಮತ್ತು ಅದರ gp120ಯ ಬದಲಾಗುವ ಕುಣಿಕೆಗಳು ರೋಗಿಯಿಂದ ರೋಗಿಗೆ ಬೇರೆಯಾಗುವಷ್ಟು ಚಂಚಲ. ಹಾಗಾಗಿ `nr` ಸಂಗ್ರಹದಲ್ಲಿ ಅದೇ ಕುಣಿಕೆಯ ಸಾವಿರಾರು ರೂಪಾಂತರಗಳಿವೆ, ಮತ್ತು ಪ್ರತಿಯೊಂದು ರೂಪಾಂತರವೂ ಹೊಂದಾಣಿಕೆಗೆ ಸಿಗುವ ಇನ್ನೊಂದು ಅವಕಾಶ. ವಾಸ್ತವವಾಗಿ ತುಣುಕುಗಳು ಹೊಂದಿದ್ದು ಒಂದೇ ಎಚ್‌ಐವಿ ತಳಿಯೊಂದಿಗಲ್ಲ, ಬೇರೆ ಬೇರೆ ದೇಶಗಳಲ್ಲಿ ಸಂಗ್ರಹಿಸಿದ ಬೇರೆ ಬೇರೆ ಮಾದರಿಗಳೊಂದಿಗೆ. ಒಂದು ಆಕರದಿಂದ ತುಣುಕುಗಳು ಬಂದಿದ್ದರೆ ಅವು ಒಂದೇ ಆಕರದಲ್ಲಿ ಒಟ್ಟಿಗೆ ಸಿಗಬೇಕಿತ್ತು.

ಇದರ ಜೊತೆಗೆ ಜೀವರಸಾಯನದ ಕಾರಣವೊಂದೂ ಇದೆ. TNGTKR ಒಳಗೆ N-G-T, HKNNKS ಒಳಗೆ N-K-S ಎಂಬ ಸಾಲುಗಳಿವೆ. N ಆದ ಮೇಲೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು ಅಕ್ಷರ, ಅದರ ನಂತರ S ಅಥವಾ T ಬಂದರೆ ಅಲ್ಲಿ ಜೀವಕೋಶವು ಸಕ್ಕರೆಯ ಸರಪಳಿಯೊಂದನ್ನು ಪ್ರೋಟೀನಿಗೆ ತೊಡಿಸಬಲ್ಲದು. ರೋಗನಿರೋಧಕ ವ್ಯವಸ್ಥೆಯಿಂದ ಮರೆಯಾಗಲು ವೈರಸ್ಸುಗಳ ಹೊರಮೈ ಪ್ರೋಟೀನುಗಳು ಈ ಸಕ್ಕರೆಯ ಹೊದಿಕೆಯನ್ನು ಧಾರಾಳವಾಗಿ ಬಳಸುತ್ತವೆ, ಮತ್ತು gp120 ಅದರಲ್ಲಿ ಎತ್ತಿದ ಕೈ. ಒಂದೇ ಕೆಲಸಕ್ಕೆ ಒಂದೇ ಬಗೆಯ ಪುಟ್ಟ ಸಾಲು ಎರಡು ಕಡೆ ಸ್ವತಂತ್ರವಾಗಿ ಹುಟ್ಟುವುದು ಹೀಗೆ. ಹೋಲಿಕೆಗೆ ಕಾರಣವಿದ್ದರೂ ಆ ಕಾರಣ ರಕ್ತಸಂಬಂಧವೇ ಆಗಿರಬೇಕಿಲ್ಲ ಎಂಬುದನ್ನು ಇ-ವ್ಯಾಲ್ಯೂ ಹೇಳಲಾರದು. ಅದನ್ನು ಪ್ರೋಟೀನನ್ನು ಬಲ್ಲವರೇ ಹೇಳಬೇಕು.

ಹಾಗಿದ್ದರೆ ಸರಿಯಾದ ಹುಡುಕಾಟ ಹೇಗಿರಬೇಕಿತ್ತು? ತುಣುಕನ್ನು ಬದಿಗಿಟ್ಟು ಇಡೀ ಪ್ರೋಟೀನನ್ನು ಕೊಡಬೇಕಿತ್ತು. ಹೊಸ ಕೊರೋನಾ ವೈರಸ್ಸಾದ ಸಾರ್ಸ್-ಕೋವಿ-2ರ ಸ್ಪೈಕಿನ ಉದ್ದ 1,273 ಅಮೈನೋ ಆಮ್ಲಗಳು, ಸ್ವಿಸ್-ಪ್ರಾಟ್‌ನಲ್ಲಿ ಅದರ ಸಂಖ್ಯೆ P0DTC2.

```
blastp -query P0DTC2.fa -db swissprot -evalue 0.001 \
  -outfmt "6 sacc pident length qcovs evalue bitscore"
```

ಈ ಫಲಿತಾಂಶದಲ್ಲಿ 2003ರ ಸಾರ್ಸ್ ವೈರಸ್ಸಿನ ಸ್ಪೈಕ್, ಅಂದರೆ P59594, ಬಹುತೇಕ ಇಡೀ ಉದ್ದಕ್ಕೆ ಸುಮಾರು ಶೇಕಡಾ 76ರ ತದ್ರೂಪತೆಯೊಂದಿಗೆ ಬರುತ್ತದೆ. ಬಿಟ್ ಅಂಕ ಸಾವಿರಕ್ಕೂ ಮಿಗಿಲು, ಇ-ವ್ಯಾಲ್ಯೂ 0.0. ಈ ಸೊನ್ನೆ ನಿಜವಾದ ಸೊನ್ನೆಯಲ್ಲ, ತಂತ್ರಾಂಶ ಮುದ್ರಿಸಲಾಗದಷ್ಟು ಚಿಕ್ಕ ಸಂಖ್ಯೆ. 76 ಎಂಬುದು 100ಕ್ಕಿಂತ ಕಡಿಮೆಯೇ ಹೌದು, ಆದರೆ ಸಾವಿರಕ್ಕೂ ಹೆಚ್ಚು ಸ್ಥಾನಗಳ ಉದ್ದಕ್ಕೂ ಅದು ನಿಂತಿರುವುದರಿಂದ ಇಲ್ಲಿ ಹೋಮಾಲಜಿಯನ್ನು ಸಂಶಯವಿಲ್ಲದೆ ಬರೆಯಬಹುದು. `qcovs` ಎಂಬ ಕಂಬಸಾಲನ್ನು, ಅಂದರೆ ನಮ್ಮ ಅನುಕ್ರಮದ ಎಷ್ಟು ಭಾಗ ಜೋಡಣೆಯಲ್ಲಿ ಸೇರಿದೆ ಎಂಬುದನ್ನು, ನಾನು ಯಾವಾಗಲೂ ತದ್ರೂಪತೆಗಿಂತ ಮೊದಲು ಓದುತ್ತೇನೆ. ಎಚ್‌ಐವಿಯ ಹೊದಿಕೆ ಪ್ರೋಟೀನು ಈ ಮಿತಿಯೊಳಗೆ ಬರುವುದಿಲ್ಲ.

ಸೇರ್ಪಡೆಗಳ ಮೂಲವನ್ನು ಹುಡುಕುವವರು ನೋಡಬೇಕಿದ್ದದ್ದು ಹತ್ತಿರದ ನೆಂಟರನ್ನು. RaTG13 ಎಂಬ ಬಾವಲಿ ಕೊರೋನಾ ವೈರಸ್ಸಿನ ಜೀನೋಮ್ ಸಾರ್ಸ್-ಕೋವಿ-2ಕ್ಕೆ ಶೇಕಡಾ 96ರಷ್ಟು ತದ್ರೂಪ, ಮತ್ತು ನಾಲ್ಕರಲ್ಲಿ ಮೊದಲ ಮೂರು ತುಣುಕುಗಳು ಅದರ ಸ್ಪೈಕಿನಲ್ಲಿಯೂ ಇವೆ. ನಾಲ್ಕನೆಯದರಲ್ಲಿ QTNS ಭಾಗ ಅಲ್ಲಿಯೂ ಇದೆ, ಇಲ್ಲದಿರುವುದು PRRA ಎಂಬ ನಾಲ್ಕು ಅಕ್ಷರ ಮಾತ್ರ. "ಸೇರ್ಪಡೆ" ಎಂಬ ಹೆಸರೇ 2003ರ ಸಾರ್ಸ್ ವೈರಸ್ಸನ್ನು ಅಳತೆಗೋಲಾಗಿ ಹಿಡಿದದ್ದರಿಂದ ಬಂದದ್ದು. ಇನ್ನೂ ಹತ್ತಿರದವರನ್ನು ಪಕ್ಕದಲ್ಲಿಟ್ಟಿದ್ದರೆ ಮೂರು ಸೇರ್ಪಡೆಗಳು ಸೇರ್ಪಡೆಗಳಾಗಿಯೇ ಕಾಣುತ್ತಿರಲಿಲ್ಲ.

ಈ ಪ್ರಕರಣದಿಂದ ತದ್ವಿರುದ್ಧ ದಿಕ್ಕಿನ ತಪ್ಪಿಗೂ ಜಾರಬಾರದು. ಮನುಷ್ಯನ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನೂ ಮಯೋಗ್ಲೋಬಿನ್ನನ್ನೂ ಜೋಡಿಸಿದರೆ ತದ್ರೂಪತೆ ಸುಮಾರು ಕಾಲು ಭಾಗ ಮಾತ್ರ. ಆದರೆ ಅದು ನೂರನಲವತ್ತಕ್ಕೂ ಹೆಚ್ಚು ಸ್ಥಾನಗಳ ಮೇಲೆ, ಬಹುತೇಕ ಇಡೀ ಉದ್ದಕ್ಕೆ ಹರಡಿದೆ, ಮತ್ತು 1950ರ ದಶಕದ ಕೊನೆಯಲ್ಲಿ ಕೆಂಡ್ರ್ಯೂ ಮತ್ತು ಪೆರುಟ್ಜ್ ಕಂಡ ರಚನೆಗಳು ಅವೆರಡೂ ಒಂದೇ ಮಡಿಕೆಯವೆಂದು ತೋರಿಸಿದವು. ಆರು ಅಕ್ಷರಗಳ ನೂರಕ್ಕಿಂತ ನೂರನಲವತ್ತು ಅಕ್ಷರಗಳ ಇಪ್ಪತ್ತೈದು ಬಹಳ ತೂಕದ್ದು. ತದ್ರೂಪತೆ ಶೇಕಡಾ 20ರಿಂದ 35ರ ನಡುವಿನ ಮಬ್ಬುವಲಯದಲ್ಲಿರುವಾಗ ಅದೊಂದನ್ನೇ ನೋಡಿ ಒಪ್ಪುವುದೂ ತಪ್ಪು, ತಳ್ಳುವುದೂ ತಪ್ಪು.

ಸ್ಪೈಕ್ ಮತ್ತು ಎಚ್‌ಐವಿಯ ವಿಚಾರದಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ, ಮತ್ತು ಅದು ಆ ನಾಲ್ಕು ತುಣುಕುಗಳಿಂದ ದೂರದಲ್ಲಿದೆ. ಸ್ಪೈಕಿನ S2 ಭಾಗವೂ ಎಚ್‌ಐವಿಯ gp41 ಕೂಡ ಮೊದಲ ವರ್ಗದ ಬೆಸುಗೆ ಪ್ರೋಟೀನುಗಳು. ವೈರಸ್ಸಿನ ಹೊದಿಕೆಯನ್ನು ಜೀವಕೋಶದ ಪೊರೆಯೊಡನೆ ಬೆಸೆಯುವಾಗ ಎರಡೂ ಆರು ಹೆಲಿಕ್ಸುಗಳ ಒಂದು ಕಟ್ಟಾಗಿ ಮಡಚಿಕೊಳ್ಳುತ್ತವೆ, ಇನ್‌ಫ್ಲುಯೆಂಜಾದ ಹಿಮಗ್ಲುಟಿನಿನ್ ಕೂಡ ಇದೇ ವರ್ಗಕ್ಕೆ ಸೇರಿದ್ದು. ಬ್ಲಾಸ್ಟ್‌ಗೆ ಇದು ಕಾಣುವುದಿಲ್ಲ, ಏಕೆಂದರೆ ಅಕ್ಷರಗಳ ಮಟ್ಟದಲ್ಲಿ ಹೇಳಿಕೊಳ್ಳುವಂಥ ಹೋಲಿಕೆ ಉಳಿದಿಲ್ಲ. ಇವು ಬಹು ಹಿಂದಿನ ಒಂದೇ ಮೂಲದಿಂದ ಬಂದವೋ, ಒಂದೇ ಕೆಲಸದ ಒತ್ತಡಕ್ಕೆ ಬೇರೆ ಬೇರೆಯಾಗಿ ಇದೇ ರೂಪಕ್ಕೆ ಬಂದವೋ ಎಂಬುದನ್ನು ರಚನೆಗಳನ್ನು ಒಂದರ ಮೇಲೊಂದಿಟ್ಟು, ಕುಟುಂಬದ ಅನೇಕ ಸದಸ್ಯರಿಂದ ಕಟ್ಟಿದ ಪ್ರೊಫೈಲುಗಳನ್ನು ಹೋಲಿಸಿ ವಿಚಾರಿಸಬೇಕಾಗುತ್ತದೆ. ಇಂಥ ಜೋಡಿಗೆ ಬ್ಲಾಸ್ಟ್ 0.001ಕ್ಕಿಂತ ದೊಡ್ಡ ಇ-ವ್ಯಾಲ್ಯೂ ಕೊಟ್ಟಾಗ ವರದಿಯಲ್ಲಿ ಬರೆಯಬಹುದಾದದ್ದು ಇಷ್ಟು: ಈ ವಿಧಾನದಿಂದ, ಈ ಸಂಗ್ರಹದಲ್ಲಿ, ಹೋಮಾಲಜಿಗೆ ಪುರಾವೆ ಸಿಗಲಿಲ್ಲ.